ಒಂದು ಪಾಸಿಗೆ ಎಷ್ಟು ಹೊತ್ತು? ಲೇಥಿನ ಟರ್ನಿಂಗ್ ಸಮಯವನ್ನು ಮೊದಲೇ ಲೆಕ್ಕ ಹಾಕುವ ಬಗೆ

ಪುಣೆಯ ಭೋಸರಿ ಎಂಐಡಿಸಿಯಲ್ಲಿ ನಮ್ಮದೊಂದು ಸಣ್ಣ ಗಾಳಾ ಇದೆ. ಇಲ್ಲಿ ವರ್ಕ್‌ಶಾಪ್ ಶೆಡ್ಡಿಗೆ ಗಾಳಾ ಅಂತಲೇ ಹೆಸರು. ಇಂಡಿ ಕಡೆಯಿಂದ ಬಂದು ನಮ್ಮ ಲೇಥ್ ಮೇಲೆ ಕೆಲಸ ಕಲಿಯುತ್ತಿರುವ ಹುಡುಗನೊಬ್ಬ ಒಂದು ಬುಧವಾರ ಸಂಜೆ ಡ್ರಾಯಿಂಗ್ ಹಿಡಿದುಕೊಂಡು ಬಂದ. "ಕಾಕಾರ, 200 ಪಿನ್ ಅದಾವ್ರಿ. ಎಷ್ಟು ದಿನದಾಗ ಕೊಡ್ತೀರಿ ಅಂತ ಪಾರ್ಟಿಯವ್ರು ಕೇಳಾಕತ್ಯಾರ. ಏನಂತ ಹೇಳ್ಲಿ?"

ಮರುದಿನ ಗುರುವಾರ, ಭೋಸರಿಗೆ ರಜೆ. ಆ ದಿನ ಅವನನ್ನು ಕೂರಿಸಿಕೊಂಡು ಹೇಳಿಕೊಟ್ಟ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಾಬ್ ಇಷ್ಟು: ಇಎನ್ 8 ಕಬ್ಬಿಣದ 50 ಮಿ.ಮೀ. ಡಯಾ ಬಾರ್, ಅದನ್ನು 180 ಮಿ.ಮೀ. ಉದ್ದಕ್ಕೆ 42 ಡಯಾಗೆ ಇಳಿಸಬೇಕು, ಕೊನೆಗೆ ಚೌಕ ಭುಜ ಉಳಿಯಬೇಕು. ಮಷಿನ್ ಸಾದಾ ಗೇರ್ ಲೇಥ್, ಟೂಲ್ ಕಾರ್ಬೈಡ್ ಟಿಪ್ಪಿನದು.

ಮೊದಲು ಸುತ್ತು ಎಣಿಸಿ

ಸೂತ್ರ ಚಿಕ್ಕದು, ಐಟಿಐ ಮಾಡಿದವರಿಗೆ ಬಾಯಿಪಾಠವೂ ಆಗಿರುತ್ತದೆ:

```
T = L / (f × N)
```

T ಅಂದರೆ ಸಮಯ, ನಿಮಿಷದಲ್ಲಿ. L ಅಂದರೆ ಟೂಲ್ ಫೀಡಿನಲ್ಲಿ ಓಡುವ ಉದ್ದ, ಮಿ.ಮೀ.ನಲ್ಲಿ. f ಅಂದರೆ ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸರಿಯುವ ದೂರ. N ಅಂದರೆ ಸ್ಪಿಂಡಲ್ಲಿನ ಆರ್‌ಪಿಎಂ.

ಬಾಯಿಪಾಠ ಇದ್ದವರೂ ತಪ್ಪುವುದು ನೋಡಿದ್ದೇನೆ. ಅದಕ್ಕೇ ನಾನು ಹುಡುಗನಿಗೆ ಇದನ್ನು ಎರಡು ಭಾಗ ಮಾಡಿ ಹೇಳಿದೆ. ಮೊದಲು L ಅನ್ನು f ಇಂದ ಭಾಗಿಸು. ಬರುವುದು ಸುತ್ತುಗಳ ಸಂಖ್ಯೆ: ಈ ಪಾಸ್ ಮುಗಿಯಲು ಜಾಬ್ ಒಟ್ಟು ಎಷ್ಟು ಸಲ ತಿರುಗಬೇಕು ಎಂಬುದು. ಆಮೇಲೆ ಆ ಸುತ್ತುಗಳನ್ನು ನಿಮಿಷಕ್ಕೆ ಎಷ್ಟರಂತೆ ತಿರುಗಿಸುತ್ತೀಯೋ ಅದರಿಂದ ಭಾಗಿಸು. ಒಂದು ಪಾಸಿನ ಹೊತ್ತು ನಿಂತಿರುವುದು ಸುತ್ತುಗಳ ಮೇಲೆ. ಟೂಲ್ ಎಷ್ಟು ಆಳ ಕಚ್ಚಿದೆ ಎಂಬುದು ಸೂತ್ರದಲ್ಲಿ ಎಲ್ಲೂ ಇಲ್ಲ. ಈ ಒಂದು ಮಾತು ಗಟ್ಟಿಯಾಗಿ ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

ಉದ್ದ ಡ್ರಾಯಿಂಗಿನದಲ್ಲ, ಟೂಲ್ ಓಡುವುದು

ಡ್ರಾಯಿಂಗಿನಲ್ಲಿ 180 ಇದೆ. ಟೂಲನ್ನು ಜಾಬಿನ ಮುಖಕ್ಕೆ ತಾಗಿಸಿಟ್ಟು ಯಾರೂ ಫೀಡ್ ಹಾಕುವುದಿಲ್ಲ. ಎರಡು ಮೂರು ಮಿ.ಮೀ. ಹೊರಗೆ ನಿಲ್ಲಿಸಿ, ಅಲ್ಲಿಂದ ಆಟೋ ಫೀಡ್ ಕೊಡುತ್ತೇವೆ. ಆ ಗಾಳಿಯಲ್ಲಿ ಓಡುವ ದೂರವೂ ಫೀಡಿನ ವೇಗದಲ್ಲೇ ಆಗುವುದರಿಂದ ಅದನ್ನೂ ಸೇರಿಸಬೇಕು. ನಮ್ಮ ಜಾಬಿಗೆ 3 ಸೇರಿಸಿ L = 183 ಹಿಡಿದೆವು. ಕೊನೆಗೆ ಭುಜ ಇರುವುದರಿಂದ ಟೂಲ್ ಅಲ್ಲೇ ನಿಲ್ಲುತ್ತದೆ. ಈ ಕಡೆಯಿಂದ ಆ ಕಡೆಗೆ ಹೊರಬೀಳುವ ಜಾಬಾದರೆ ಕೊನೆಯಲ್ಲೂ ಎರಡು ಮಿ.ಮೀ. ಸೇರಿಸಬೇಕಾಗುತ್ತಿತ್ತು.

ಟೂಲಿನ ಅಲಗು ಓರೆಯಾಗಿದ್ದರೆ ಇನ್ನೊಂದು ಸಣ್ಣ ಸೇರ್ಪಡೆ ಇದೆ. 45 ಡಿಗ್ರಿಯ ಟೂಲ್ ಹಾಕಿ ಎರಡು ಮಿ.ಮೀ. ಆಳದ ಕಟ್ ಕೊಟ್ಟರೆ, ಅಲಗು ಪೂರ್ತಿ ಆಳಕ್ಕೆ ಇಳಿಯುವ ಹೊತ್ತಿಗೆ ಟೂಲ್ ಎರಡು ಮಿ.ಮೀ. ಮುಂದೆ ಹೋಗಿರುತ್ತದೆ. ಅಷ್ಟನ್ನು ಒಂದು ಸಲ ಸೇರಿಸಿದರೆ ಸಾಕು, ಹೊರಬೀಳುವಾಗ ಮತ್ತೆ ಬೇಕಿಲ್ಲ. ಭುಜ ತೆಗೆಯುವ 90 ಡಿಗ್ರಿ ಟೂಲಿಗೆ ಇದು ಬೇಕಿಲ್ಲ.

ಮೂರು ಮಿ.ಮೀ. ಎಂದು ಹಗುರಾಗಿ ನೋಡಬೇಡಿ. 180ರ ಜಾಬಿನಲ್ಲಿ ಅದು ಲೆಕ್ಕಕ್ಕೆ ಬರದಷ್ಟು ಕಡಿಮೆ, ನೂರಕ್ಕೆ ಎರಡರೊಳಗೆ. ಆದರೆ 12 ಮಿ.ಮೀ. ಉದ್ದದ ಬುಷ್ ಆದರೆ ಅದೇ ಮೂರು ಮಿ.ಮೀ. ಕಾಲು ಭಾಗ ಸಮಯ ಹೆಚ್ಚಿಸುತ್ತದೆ. ಸಾವಿರ ಬುಷ್‌ಗಳ ಆರ್ಡರಿನಲ್ಲಿ ಅಂಥ ಕಾಲು ಭಾಗ ಲಾಭವನ್ನೇ ತಿಂದುಬಿಡುತ್ತದೆ.

ಆರ್‌ಪಿಎಂ: ಲೆಕ್ಕ ಹೇಳುವುದು ಒಂದು, ಗೇರಿನಲ್ಲಿ ಇರುವುದು ಇನ್ನೊಂದು

ಆರ್‌ಪಿಎಂ ತೆಗೆಯುವುದು ಕಟಿಂಗ್ ಸ್ಪೀಡಿನಿಂದ:

```
N = 1000 × V / (π × D)
```

V ಅಂದರೆ ಕಟಿಂಗ್ ಸ್ಪೀಡ್, ನಿಮಿಷಕ್ಕೆ ಎಷ್ಟು ಮೀಟರ್ ಎಂಬುದು. D ಅಂದರೆ ಜಾಬಿನ ಡಯಾ, ಮಿ.ಮೀ.ನಲ್ಲಿ. ನಮ್ಮ ಲೇಥ್ ಮೇಲೆ ಇಎನ್ 8ಕ್ಕೆ ಈ ಟಿಪ್ ನಿಮಿಷಕ್ಕೆ 90 ಮೀಟರ್ ಆರಾಮಾಗಿ ತಾಳುತ್ತದೆ. ಡಯಾ 50. ಲೆಕ್ಕ ಹಾಕಿದರೆ 573 ಬರುತ್ತದೆ. ಹುಡುಗ ತಕ್ಷಣ ಆ 573 ಅನ್ನೇ ಸೂತ್ರಕ್ಕೆ ಹಾಕಲು ಹೋದ. ನಾನು ಅವನನ್ನು ಮಷಿನ್ ಹತ್ತಿರ ಕರೆದುಕೊಂಡು ಹೋಗಿ ಹೆಡ್‌ಸ್ಟಾಕ್ ಮೇಲಿನ ಪ್ಲೇಟ್ ಓದಿಸಿದೆ. ಅಲ್ಲಿ 280 ಇದೆ, 450 ಇದೆ, 710 ಇದೆ. 573 ಇಲ್ಲ.

710 ಹಾಕಿದರೆ ಸ್ಪೀಡ್ 111 ಮೀಟರ್ ದಾಟುತ್ತದೆ. ರಫ್ ಕಟ್‌ನಲ್ಲಿ, ಮೇಲ್ಪದರ ಗಟ್ಟಿಯಾಗಿರುವ ಕರಿ ಬಾರಿನ ಮೇಲೆ, ಟಿಪ್ ಬೇಗ ಸಾಯುತ್ತದೆ. 450ಕ್ಕೆ ಸ್ಪೀಡ್ 71 ಮೀಟರ್. ಹಾಗಾಗಿ ರಫಿಂಗಿಗೆ 450 ಎಂದು ಗೊತ್ತು ಮಾಡಿದೆವು. ಸೂತ್ರಕ್ಕೆ ಹೋಗಬೇಕಾದ ಸಂಖ್ಯೆ ಇದು, 573 ಅಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಸ್ವಂತ ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಶಾಫ್ಟಿನ ಆರ್ಡರಿಗೆ ಮನೆಯಲ್ಲಿ ಕೂತು, ಕ್ಯಾಲ್ಕುಲೇಟರ್ ಕೊಟ್ಟ ಆರ್‌ಪಿಎಂ ಹಿಡಿದು ರೇಟ್ ಬರೆದುಕೊಟ್ಟೆ. ಮಷಿನ್ ಮುಂದೆ ನಿಂತಾಗ ಆ ಗೇರ್ ಇರಲಿಲ್ಲ. ಪ್ರತಿ ಪಾಸೂ ಅಂದಾಜಿಗಿಂತ ಕಾಲು ಭಾಗಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿತು. ಮಾತು ಕೊಟ್ಟ ದಿನಕ್ಕೆ ಮಾಲು ಮುಟ್ಟಲಿಲ್ಲ, ಆ ಪಾರ್ಟಿ ಮತ್ತೆ ಬರಲೂ ಇಲ್ಲ. ಅಂದಿನಿಂದ ಗೇರ್ ಪ್ಲೇಟಿನ ಸಂಖ್ಯೆಗಳನ್ನು ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಪಾಸುಗಳನ್ನು ಹಂಚಿ, ಒಂದೊಂದಕ್ಕೂ ಲೆಕ್ಕ ಹಾಕಿ

50ರಿಂದ 42ಕ್ಕೆ ಬರಬೇಕೆಂದರೆ ಡಯಾದಲ್ಲಿ 8, ಒಂದು ಬದಿಗೆ 4 ಮಿ.ಮೀ. ಇದನ್ನು ಎರಡು ರಫ್ ಪಾಸ್, ಒಂದು ಫಿನಿಶ್ ಪಾಸ್ ಎಂದು ಹಂಚಿದೆವು. ಮೊದಲ ಪಾಸಿನಲ್ಲಿ 50ರಿಂದ 46.5, ಎರಡನೆಯದರಲ್ಲಿ 43, ಕೊನೆಗೆ 42. ಅಂದರೆ ರಫ್ ಕಟ್ ಒಂದೊಂದೂ ಬದಿಗೆ 1.75 ಆಳ, ಫಿನಿಶ್ ಬರೀ ಅರ್ಧ ಮಿ.ಮೀ.

ರಫಿಂಗಿಗೆ ಫೀಡ್ 0.25. ಸುತ್ತು ಎಣಿಸೋಣ: 183 ಭಾಗಿಸು 0.25, ಅಂದರೆ 732 ಸುತ್ತು. ನಿಮಿಷಕ್ಕೆ 450ರಂತೆ ತಿರುಗಿದರೆ 1.63 ನಿಮಿಷ. ಇದನ್ನು 1 ನಿಮಿಷ 63 ಸೆಕೆಂಡ್ ಎಂದು ಓದುವವರಿದ್ದಾರೆ, ನಮ್ಮ ಹುಡುಗನೂ ಹಾಗೇ ಓದಿದ. ಚುಕ್ಕೆಯ ಆಚೆಯದನ್ನು 60ರಿಂದ ಗುಣಿಸಬೇಕು. 0.63 ನಿಮಿಷ ಅಂದರೆ 38 ಸೆಕೆಂಡ್. ಹಾಗಾಗಿ ಒಂದು ರಫ್ ಪಾಸ್ 1 ನಿಮಿಷ 38 ಸೆಕೆಂಡ್, ಎರಡಕ್ಕೆ ಸುಮಾರು 3 ನಿಮಿಷ 15 ಸೆಕೆಂಡ್.

ಫಿನಿಶ್ ಪಾಸಿನಲ್ಲಿ ಡಯಾ 43ಕ್ಕೆ ಇಳಿದಿದೆ, ಕಟ್ ಹಗುರ. 710ರ ಗೇರಿಗೆ ಹೋಗಬಹುದು, ಸ್ಪೀಡ್ 96 ಮೀಟರ್ ಆಗುತ್ತದೆ. ಫೀಡ್ 0.1. "ಇದು ಬರೀ ಕೆರೆಯೋದಲ್ರಿ ಕಾಕಾ, ಅರ್ಧ ನಿಮಿಷ ಹಿಡೀತೈತೇನು?" ಎಂದ ಹುಡುಗ. ಸುತ್ತು ಎಣಿಸು ಎಂದೆ. 183 ಭಾಗಿಸು 0.1, ಅಂದರೆ 1830 ಸುತ್ತು. ರಫ್ ಪಾಸಿಗಿಂತ ಎರಡೂವರೆ ಪಟ್ಟು. 710ರ ವೇಗದಲ್ಲಿ ತಿರುಗಿದರೂ 2 ನಿಮಿಷ 35 ಸೆಕೆಂಡ್ ಬೇಕು.

ಅವನು ಎರಡು ಸಲ ಲೆಕ್ಕ ಮಾಡಿ ನೋಡಿದ. ಬದಿಗೆ ಮೂರೂವರೆ ಮಿ.ಮೀ. ಕಬ್ಬಿಣ ತೆಗೆಯುವ ಎರಡು ಪಾಸಿಗೆ ಮೂರು ನಿಮಿಷ ಚಿಲ್ಲರೆ, ಅರ್ಧ ಮಿ.ಮೀ. ತೆಗೆಯುವ ಒಂದೇ ಪಾಸಿಗೆ ಎರಡೂವರೆ ನಿಮಿಷ. ಎಷ್ಟು ಲೋಹ ಬಿತ್ತು ಎಂದು ನೋಡಿ ಹೊತ್ತು ಊಹಿಸಿದರೆ ಮೋಸ ಹೋಗುವುದು ಇಲ್ಲೇ. ಆಳ ಹೆಚ್ಚಿಸಿದರೆ ಪಾಸುಗಳ ಸಂಖ್ಯೆ ಕಡಿಮೆಯಾಗಬಹುದು, ಒಂದು ಪಾಸಿನ ಸಮಯ ಒಂದು ಸೆಕೆಂಡೂ ಬದಲಾಗದು.

ಒಟ್ಟು ಕಟಿಂಗ್ ಸಮಯ 5 ನಿಮಿಷ 50 ಸೆಕೆಂಡ್.

ಸಮಯ ಉಳಿಸುವ ಜಾಗ ಎಲ್ಲಿದೆ

ಲೆಕ್ಕ ಬಿಡಿಸಿ ಇಟ್ಟ ಮೇಲೆ ಎಲ್ಲಿ ಕೈ ಹಾಕಬೇಕು ಎಂಬುದು ತಾನೇ ಕಾಣುತ್ತದೆ. ಉದ್ದವಾದದ್ದು ಫಿನಿಶ್ ಪಾಸ್. ಅದಕ್ಕೆ 0.1 ಫೀಡ್ ಇಟ್ಟದ್ದು ಯಾಕೆ? ಫಿನಿಶ್ ನುಣುಪಾಗಿ ಬರಲಿ ಎಂದು. ಆದರೆ ನುಣುಪು ಫೀಡ್ ಒಂದರಿಂದಲೇ ಬರುವುದಿಲ್ಲ, ಟಿಪ್ಪಿನ ಮೂಗಿನ ರೇಡಿಯಸ್ಸಿನಿಂದಲೂ ಬರುತ್ತದೆ. ಟೂಲ್ ಜಾಬಿನ ಮೇಲೆ ಬಿಟ್ಟುಹೋಗುವ ಗೀರಿನ ಎತ್ತರ ಅಂದಾಜು ಇಷ್ಟು:

```
h = f² / (8 × r)
```

ನಮ್ಮ ಟಿಪ್ಪಿನ ಮೂಗು 0.4. ಫೀಡ್ 0.1 ಇದ್ದರೆ ಗೀರಿನ ಎತ್ತರ ಮೂರು ಮೈಕ್ರಾನ್ ಚಿಲ್ಲರೆ. 0.8 ಮೂಗಿನ ಟಿಪ್ ಹಾಕಿ ಫೀಡನ್ನು 0.15ಕ್ಕೆ ಏರಿಸಿದರೆ ಮೂರೂವರೆ ಮೈಕ್ರಾನ್. ಕೈ ಆಡಿಸಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸುತ್ತುಗಳು ಮಾತ್ರ 1830ರಿಂದ 1220ಕ್ಕೆ ಇಳಿಯುತ್ತವೆ, ಸಮಯ 1 ನಿಮಿಷ 43 ಸೆಕೆಂಡಿಗೆ. ಒಂದು ಪಿನ್ನಿಗೆ 52 ಸೆಕೆಂಡ್ ಉಳಿತಾಯ. 200 ಪಿನ್ನಿಗೆ ಮೂರು ತಾಸಿಗೆ ಏಳೆಂಟು ನಿಮಿಷ ಕಡಿಮೆ.

ಇದಕ್ಕೂ ಒಂದು ಮಿತಿ ಇದೆ. ಮೂಗು ದಪ್ಪವಾದಷ್ಟೂ, ಅದರಲ್ಲೂ ಕಟ್ಟಿನ ಆಳ ಮೂಗಿನ ರೇಡಿಯಸ್ಸಿಗಿಂತ ಕಡಿಮೆ ಇದ್ದಾಗ, ಟೂಲ್ ಜಾಬನ್ನು ಅಡ್ಡಕ್ಕೆ ದೂಡುತ್ತದೆ. ತೆಳ್ಳನೆಯ ಉದ್ದ ಶಾಫ್ಟ್ ಆದರೆ ಅದು ಬಾಗಿ, ನಡುವೆ ಡಯಾ ಹೆಚ್ಚು ಬರುತ್ತದೆ, ಇಲ್ಲವೇ ಮೈಮೇಲೆ ಅಲೆಅಲೆಯಾಗಿ ಚಾಟರ್ ಗುರುತು ಬೀಳುತ್ತದೆ. ಕಿವಿಗೆ ಮೊದಲೇ ಕೇಳಿಸುತ್ತದೆ, ಸಣ್ಣಗೆ ಸಿಳ್ಳೆ ಹಾಕಿದಂತೆ. ನಮ್ಮ ಪಿನ್ 42 ಡಯಾ ದಪ್ಪ, ತುದಿಗೆ ಟೇಲ್‌ಸ್ಟಾಕಿನ ಸೆಂಟರ್ ಕೊಟ್ಟಿದ್ದೆವು. ಹಾಗಾಗಿ 0.8 ಮೂಗು ತೊಂದರೆ ಕೊಡಲಿಲ್ಲ.

ಕಟಿಂಗ್ ಸಮಯವೇ ಪೂರ್ತಿ ಸಮಯ ಅಲ್ಲ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಇಲ್ಲಿ ಸೂತ್ರ ಇಲ್ಲ, ಗಡಿಯಾರ ಮಾತ್ರ ಇದೆ. ಬಾರನ್ನು ಚಕ್ಕಿಗೆ ಕಟ್ಟಿ ಬಿಚ್ಚುವುದಕ್ಕೆ ನಮಗೆ ಎರಡು ನಿಮಿಷ ಬೇಕಾಯಿತು. ಪ್ರತಿ ಪಾಸಿನ ಕೊನೆಗೆ ಕ್ಯಾರೇಜ್ ಹಿಂದಕ್ಕೆ ತಂದು ಡಯಲ್ ಹಾಕಲು 20 ಸೆಕೆಂಡಿನಂತೆ ಒಂದು ನಿಮಿಷ. ಗೇರ್ ಬದಲಿಸಿ, ಮೈಕ್ರೋಮೀಟರಿನಿಂದ ಅಳೆಯಲು ಒಂದೂವರೆ. ಹಳೆಯ ಫೀಡಿನಲ್ಲೇ ಹಿಡಿದರೆ ಪಿನ್ನಿಗೆ 10 ನಿಮಿಷ 20 ಸೆಕೆಂಡ್. ಕಟಿಂಗ್ ಮಾತ್ರ ಲೆಕ್ಕ ಹಾಕಿದ್ದರೆ 200 ಪಿನ್ನಿಗೆ 19 ತಾಸು ಚಿಲ್ಲರೆ ಎಂದು ಬರುತ್ತಿತ್ತು. ನಿಜವಾಗಿ ಬೇಕಾದದ್ದು 34 ತಾಸಿನ ಮೇಲೆ. ಶಿಫ್ಟಿಗೆ ಏಳು ತಾಸು ಮಷಿನ್ ಓಡಿತೆಂದರೂ ಮೂರು ಶಿಫ್ಟಿನ ಕೆಲಸ ಐದು ಶಿಫ್ಟಿಗೆ ಹೋಗುತ್ತದೆ.

ಸಿಎನ್‌ಸಿ ಮೇಲಾದರೆ

ಚಾಕಣ ಕಡೆ ಸಿಎನ್‌ಸಿ ಮೇಲೆ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು ಬಹಳ. ಅವರಿಗೆ ಗೇರಿನ ತೊಂದರೆ ಇಲ್ಲ, 573 ಬೇಕೆಂದರೆ 573 ಸಿಗುತ್ತದೆ. ಬೇರೆ ಸೂಕ್ಷ್ಮಗಳಿವೆ. ಇದೇ ಜಾಬಿನ ಮೊದಲ ಪಾಸ್ ಹೀಗಿದೆ ಎನ್ನಿ:

```
G50 S2000
G96 S150 M03
G00 X46.5 Z3.0
G99 G01 Z-180.0 F0.25
```

G96ನಲ್ಲಿ ನಾವು ಕೊಟ್ಟ ಕಟಿಂಗ್ ಸ್ಪೀಡ್ ಹಿಡಿದು, ಇಲ್ಲಿ ನಿಮಿಷಕ್ಕೆ 150 ಮೀಟರ್, ಮಷಿನ್ ತಾನೇ ಆರ್‌ಪಿಎಂ ಲೆಕ್ಕ ಹಾಕುತ್ತದೆ. ಯಾವ ಡಯಾ ಹಿಡಿದು? ಟೂಲಿನ ತುದಿ ನಿಂತಿರುವ X ಹಿಡಿದು. ಅಂದರೆ ಕಟ್ ಆಗುವ ಮುಂಚಿನ 50 ಅಲ್ಲ, ಕಟ್ ಆದ ಮೇಲಿನ 46.5. ಹಾಗಾಗಿ ನಿಮ್ಮ ಅಂದಾಜಿಗೂ ಆಯಾ ಪಾಸಿನ X ಅನ್ನೇ ಹಾಕಿ. ಇಲ್ಲಿ 1027 ಆರ್‌ಪಿಎಂ ಬರುತ್ತದೆ, ಅದೇ 732 ಸುತ್ತು 43 ಸೆಕೆಂಡಿನಲ್ಲಿ ಮುಗಿಯುತ್ತದೆ. ನೇರ ಟರ್ನಿಂಗಿನಲ್ಲಿ X ಬದಲಾಗುವುದಿಲ್ಲವಾದ್ದರಿಂದ ಈ ಸೂತ್ರ ಸರಿಹೋಗುತ್ತದೆ. ಫೇಸಿಂಗಿನಲ್ಲಿ ಟೂಲ್ ಒಳಗೆ ಹೋದಂತೆ ಆರ್‌ಪಿಎಂ ಏರುತ್ತಲೇ ಹೋಗುವುದರಿಂದ ಇದನ್ನು ಹಾಗೇ ಹಾಕಬಾರದು.

G50 ಸಾಲನ್ನೂ ನೋಡಬೇಕು. ಅದು ಆರ್‌ಪಿಎಂಗೆ ಹಾಕಿದ ಬೇಲಿ. 20 ಡಯಾದ ಮೆಟ್ಟಿಲು ತಿರುಗಿಸುವಾಗ 150 ಮೀಟರಿಗೆ ಲೆಕ್ಕದ ಪ್ರಕಾರ 2387 ಬೇಕು, ಮಷಿನ್ ಮಾತ್ರ 2000ಕ್ಕೆ ನಿಲ್ಲುತ್ತದೆ. 2387 ಹಿಡಿದು ಅಂದಾಜು ಮಾಡಿದವರಿಗೆ ಆ ಪಾಸ್ ಸುಮಾರು ಐದನೇ ಒಂದು ಭಾಗ ಹೆಚ್ಚು ಹೊತ್ತು ಹಿಡಿಯುತ್ತದೆ. ಇನ್ನು ಆಪರೇಟರ್ ಫೀಡ್ ಓವರ್‌ರೈಡ್ ನಾಬನ್ನು 80ಕ್ಕೆ ತಿರುಗಿಸಿಟ್ಟಿದ್ದರೆ 43 ಸೆಕೆಂಡಿನ ಪಾಸ್ 53 ದಾಟುತ್ತದೆ. ಸೈಕಲ್ ಟೈಮ್ ಹೊಂದಲಿಲ್ಲವೆಂದರೆ ಪ್ರೋಗ್ರಾಂ ಹುಡುಕುವ ಮುಂಚೆ ಆ ನಾಬ್ ಕಡೆ ಒಮ್ಮೆ ನೋಡಿ.

ಅಂದಾಜನ್ನು ಸ್ಕೇಲ್ ಹಿಡಿದು ಪರೀಕ್ಷೆ ಮಾಡಿ

ಸಾದಾ ಲೇಥಿನಲ್ಲಿ ಪ್ಲೇಟಿನ ಮೇಲೆ 450 ಎಂದು ಬರೆದಿದೆ ಎಂದ ಮಾತ್ರಕ್ಕೆ ಕಟ್ ಆಗುವಾಗಲೂ ಸ್ಪಿಂಡಲ್ 450 ತಿರುಗುತ್ತದೆ ಎನ್ನುವಂತಿಲ್ಲ. ಟ್ಯಾಕೋಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ದಾರಿ ಇದೆ. f ಮತ್ತು N ಗುಣಿಸಿದರೆ ಬರುವುದು ಕ್ಯಾರೇಜ್ ನಿಮಿಷಕ್ಕೆ ಓಡುವ ದೂರ. ನಮ್ಮ ರಫ್ ಪಾಸಿಗೆ 0.25 ಗುಣಿಸು 450, ಅಂದರೆ 112.5 ಮಿ.ಮೀ. ಬೆಡ್ ಮೇಲೆ, ಚಕ್ಕಿನಿಂದ ದೂರದಲ್ಲಿ, ಕ್ಯಾರೇಜ್ ಇರುವ ಜಾಗಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು ಫೀಡ್ ಹಾಕಿ. ನಿಮಿಷ ಮುಗಿದೊಡನೆ ಫೀಡ್ ಬಿಡಿಸಿ, ಓಡಿದ ದೂರ ಅಳೆಯಿರಿ. ಒಮ್ಮೆ ಖಾಲಿ ಓಡಿಸಿ, ಇನ್ನೊಮ್ಮೆ ಕಟ್ ಕೊಟ್ಟು.

ಎರಡು ಸಲವೂ ಒಂದೇ ಪ್ರಮಾಣದಲ್ಲಿ ತಪ್ಪಾಗಿದ್ದರೆ ಮೊದಲು ಬದಿಯ ಬಾಗಿಲು ತೆಗೆದು ಚೇಂಜ್ ಗೇರ್ ನೋಡಬೇಕು. ಹಿಂದಿನ ಶಿಫ್ಟಿನವರು ಥ್ರೆಡ್ ಕಟಿಂಗಿಗೆ ಬೇರೆ ಹಲ್ಲಿನ ಗೇರ್ ಹಾಕಿ ಹಾಗೇ ಬಿಟ್ಟು ಹೋಗಿರುತ್ತಾರೆ. ಆಗ ಪ್ಲೇಟಿನ ಮೇಲಿನ ಫೀಡ್ ಯಾವುದೂ ನಿಜವಲ್ಲ. ಖಾಲಿ ಓಡಿದಾಗ ಸರಿ ಬಂದು, ಕಟ್ ಕೊಟ್ಟಾಗ ಕಡಿಮೆ ಬಂದರೆ ಅದು ಸ್ಪಿಂಡಲ್ ನಿಧಾನವಾದದ್ದು. ಫೀಡ್ ಗೇರುಗಳ ಮೂಲಕ ಸ್ಪಿಂಡಲ್ಲಿಗೇ ಕಟ್ಟಿಕೊಂಡಿರುವುದರಿಂದ ಸುತ್ತಿಗೆ 0.25 ಎಂಬುದು ಹಾಗೇ ಇರುತ್ತದೆ, ಸುತ್ತುಗಳೇ ಕಡಿಮೆಯಾಗಿರುತ್ತವೆ.

ಶುಕ್ರವಾರ ಬೆಳಿಗ್ಗೆ ಹುಡುಗ ಮೊದಲ ಪಿನ್ ಕಟ್ಟಿದ. ಖಾಲಿ ಓಡಿಸಿದಾಗ 112 ಬಂತು. ಕಟ್ ಕೊಟ್ಟಾಗ 104. ಹಾಗೇ ಬಿಟ್ಟಿದ್ದರೆ ಪ್ರತಿ ರಫ್ ಪಾಸ್ 1 ನಿಮಿಷ 46 ಸೆಕೆಂಡ್ ಹಿಡಿಯುತ್ತಿತ್ತು. ಮೋಟರ್ ಬಂದ್ ಮಾಡಿ ಹಿಂದಿನ ಕವರ್ ತೆಗೆದೆವು. ವಿ-ಬೆಲ್ಟಿನ ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ಹೆಬ್ಬೆರಳಿನಿಂದ ಒತ್ತಿದರೆ ಬೇಕಾದ್ದಕ್ಕಿಂತ ಬಹಳ ಕೆಳಗೆ ಹೋಗುತ್ತಿತ್ತು. ಮೋಟರಿನ ಬೋಲ್ಟ್ ಸಡಿಲಿಸಿ, ಕೆಳಗೆ ಜಗ್ಗಿ ಬಿಗಿ ಮಾಡಿದೆವು. ಮತ್ತೆ ಕಟ್ ಕೊಟ್ಟು ಅಳೆದರೆ 111. ಪಾಸಿಗೆ 1 ನಿಮಿಷ 39 ಸೆಕೆಂಡ್. ಹುಡುಗ ಅದನ್ನು ಡ್ರಾಯಿಂಗಿನ ಮೂಲೆಯಲ್ಲಿ, ತಾನು ಹಿಂದಿನ ದಿನ ಬರೆದಿದ್ದ 1 ನಿಮಿಷ 38ರ ಪಕ್ಕದಲ್ಲೇ ಬರೆದು, ಪಾರ್ಟಿಗೆ ಫೋನ್ ಹಚ್ಚಿದ.